ರುಜುವಿಗೆ ಮುಂಚಿನ ಎರಡು ನಿಮಿಷ



ಇವತ್ತು ತಮ್ಮ ಮುಂದೆ ಒಂದು ಸಣ್ಣ ಬರವಣಿಗೆಯ ಕಥೆ ಇಡಬೇಕೆಂದಿದ್ದೇನೆ. ಸಣ್ಣದು ಎಂದರೆ ನಿಜವಾಗಿಯೂ ಸಣ್ಣದು. ಗಡಿಯಾರ ಇಟ್ಟು ನೋಡಿದರೆ ಎರಡು ನಿಮಿಷದ ಮಾತು. ಅದನ್ನು ಬರೆಯುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿದ್ದವನಿಗೆ, ಎಸ್.ಎಸ್.ಎಲ್.ಸಿ.ಗೆ ಓದು ಮುಗಿಸಿದವನಿಗೆ, ಈ ಕೆಲಸ ಯಾಕೆ ಬಂತು ಎಂದು ತಾವು ಕೇಳಬಹುದು. ಹೇಳುತ್ತೇನೆ.

ನನ್ನ ತಂಗಿಯ ಮಗಳೊಬ್ಬಳು ಹೊಸೂರಿನಲ್ಲಿದ್ದಾಳೆ. ವಯಸ್ಸು ನಲವತ್ತಾರು. ಮಕ್ಕಳು ಕೈಗೆ ಬಂದ ಮೇಲೆ ನಾಟಕದ ಹುಚ್ಚು ಮತ್ತೆ ಹಿಡಿಯಿತು. ಬೆಂಗಳೂರು ಅಲ್ಲಿಂದ ನಲವತ್ತು ಕಿಲೋಮೀಟರು. ಧಾರಾವಾಹಿಗಳಲ್ಲಿ, ಸಿನಿಮಾಗಳಲ್ಲಿ ತಾಯಿಯ ಪಾತ್ರ, ಟೀಚರ್ ಪಾತ್ರ ಸಿಗಬಹುದು ಎಂದು ಅವಳ ಆಸೆ. ಹಾಗೆ ಕೇಳಿಕೊಂಡು ಹೋದವರಿಗೆ ಅಲ್ಲಿ ಹೇಳುವುದು ಇಷ್ಟು: ನಾಲ್ಕು ಫೋಟೋ, ಒಂದು ಪುಟದ ಸ್ವವಿವರ, ಅಭಿನಯಿಸಿದ ಎರಡು ನಿಮಿಷದ ಒಂದು ವಿಡಿಯೋ. ಇವೆಲ್ಲ ಸೇರಿದ ಕಡತಕ್ಕೆ ಪೋರ್ಟ್‌ಫೋಲಿಯೊ ಎಂದು ಹೆಸರು. ವಿಡಿಯೋದಲ್ಲಿ ಹೆಸರಾದ ಸಿನಿಮಾದ ಸಂಭಾಷಣೆ ಹೇಳಬೇಡಿ, ನೋಡುವವರಿಗೆ ಹಳೆಯ ನಟಿಯೇ ಕಣ್ಣಿಗೆ ಕಟ್ಟುತ್ತಾರೆ ಎಂದೂ ಹೇಳಿದರಂತೆ. ಅವಳು ನನ್ನ ಹತ್ತಿರ ಬಂದು, "ಮಾಮ, ನಿವೃತ್ತಿಗೆ ಬಂದಿರೋ ಒಬ್ಬ ಟೀಚರ್‌ದು ಒಂದು ಮಾತು ಬರೆದುಕೊಡಿ. ನೀವು ಕುರುಕ್ಷೇತ್ರದಲ್ಲಿ ಶಕುನಿ ಮಾಡಿದವರಲ್ಲವೇ" ಅಂದಳು.

ಶಕುನಿ ಮಾಡಿದ್ದು ನಿಜ. ನಮ್ಮ ಡೆಂಕಣಿಕೋಟೆ ಸುತ್ತಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಬಂದು ಮೂರು ತಿಂಗಳು ಕಲಿಸಿ ಆಡಿಸುತ್ತಿದ್ದ ನಾಟಕ ಅದು. ಆದರೆ ಆ ನಾಟಕದಲ್ಲಿ ಪಾತ್ರ ಬಂದ ತಕ್ಷಣ ನಾನು ಇಂಥವನು, ಇಂಥ ದೇಶದವನು ಎಂದು ತಾನೇ ಹೇಳಿಕೊಳ್ಳುತ್ತದೆ. ನಾನೂ ಹಾಗೆಯೇ ಬರೆದೆ. ಬೀಳ್ಕೊಡುಗೆ ಸಮಾರಂಭ, ಕೊರಳಲ್ಲಿ ಹಾರ, ಮುಂದೆ ಮಕ್ಕಳು. ಟೀಚರು ಎದ್ದು ನಿಂತು, "ಮೂವತ್ತೈದು ವರ್ಷದ ಸೇವೆ ಇಂದು ಮುಗಿಯುತ್ತಿದೆ" ಎಂದು ಶುರು ಮಾಡುತ್ತಾರೆ. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂತು.

ಅವಳು ಓದಿದಳು. ಕೈಗಡಿಯಾರದಲ್ಲಿ ಐದು ನಿಮಿಷ ನಲವತ್ತು ಸೆಕೆಂಡು ಆಯಿತು. ಅದು ಮೊದಲ ತಪ್ಪು. ಕನ್ನಡವನ್ನು ಅವಸರವಿಲ್ಲದೆ ಆಡಿದರೆ ನಿಮಿಷಕ್ಕೆ ಸುಮಾರು ನೂರು, ನೂರಹತ್ತು ಪದ ಆಗುತ್ತದೆ. ಹಾಗಾಗಿ ಎರಡು ನಿಮಿಷಕ್ಕೆ ಇನ್ನೂರು, ಇನ್ನೂರಿಪ್ಪತ್ತು ಪದ. ಅದರಲ್ಲಿ ಸುಮ್ಮನಿರುವುದಕ್ಕೂ ಜಾಗ ಬಿಡಬೇಕು. ಆದರೆ ಉದ್ದವಲ್ಲ ದೊಡ್ಡ ತಪ್ಪು. ಕತ್ತರಿಸಿ ಎರಡು ನಿಮಿಷಕ್ಕೆ ತಂದರೂ ಅದು ಸಪ್ಪೆಯಾಗಿಯೇ ಇತ್ತು. ಯಾಕೆಂದು ತಿಳಿಯಲು ನನಗೆ ಹದಿನೈದು ದಿನ ಬೇಕಾಯಿತು.

ಬೀಳ್ಕೊಡುಗೆ ಭಾಷಣ ಮಾಡುವವರನ್ನು ಯಾರೂ ತಡೆಯುವುದಿಲ್ಲ. ಅವರಿಗೆ ಆ ಗಳಿಗೆಯಲ್ಲಿ ಎದುರಿನವರಿಂದ ಏನೂ ಬೇಕಾಗಿಲ್ಲ. ಹೇಳಬೇಕಾದ್ದನ್ನು ಹೇಳಿ ಕೂತುಬಿಡುತ್ತಾರೆ. ಕೇಳುವವನಿಗೆ ಮುಂದೇನಾಗುತ್ತದೆ ಎಂಬ ಕುತೂಹಲ ಹುಟ್ಟುವುದು ಹೇಗೆ? ರಷ್ಯದ ಚೆಕಾಫ್ ಬರೆದ ಒಂದು ಏಕಪಾತ್ರ ನಾಟಕವಿದೆ. ಒಬ್ಬ ಬಡಪಾಯಿ ಗಂಡ ಹೊಗೆಸೊಪ್ಪಿನ ಹಾನಿಯ ಮೇಲೆ ಭಾಷಣ ಮಾಡಲು ಬರುತ್ತಾನೆ. ಬಾಯಿ ಬಿಟ್ಟರೆ ಹೆಂಡತಿಯ ಕಾಟವೇ ಹೊರಗೆ ಬರುತ್ತದೆ, ಹೊಗೆಸೊಪ್ಪು ಹಿಂದೆ ಉಳಿಯುತ್ತದೆ. ಚೆಕಾಫ್ ಅದನ್ನು 1886ರಲ್ಲಿ ಬರೆದು 1902ರ ತನಕ ತಿದ್ದಿದ. ಅಲ್ಲಿ ಭಾಷಣ ನಾಟಕವಾಗುವುದು ಹೇಳಬೇಕೆಂದು ಬಂದ ಮಾತು ಒಂದು, ಹೊರಗೆ ಬೀಳುವ ಮಾತು ಇನ್ನೊಂದು ಎಂಬ ಕಾರಣಕ್ಕೆ. ನಮ್ಮಲ್ಲಿ ಗಿರೀಶ್ ಕಾರ್ನಾಡರ 'ಒಡಕಲು ಬಿಂಬ' ಇದೆ. ರಂಗದ ಮೇಲೆ ಇರುವುದು ಒಬ್ಬಳೇ ಹೆಂಗಸು. ಆದರೂ ಟಿ.ವಿ. ಪರದೆಯ ಮೇಲಿನ ಅವಳದೇ ಬಿಂಬ ಎದುರು ನಿಂತು ಪ್ರಶ್ನೆ ಹಾಕುತ್ತದೆ. ಒಬ್ಬರೇ ಆಡುವ ಮಾತಿಗೂ ಎದುರಾಳಿ ಬೇಕು. ನನ್ನ ಟೀಚರಿಗೆ ಹಾರ ಇತ್ತು, ಎದುರಾಳಿ ಇರಲಿಲ್ಲ.

ಆಗ ನಾನು ಬರೆಯುವುದನ್ನು ನಿಲ್ಲಿಸಿ ಕೇಳುವುದಕ್ಕೆ ಹೊರಟೆ. ನಮ್ಮ ಬೀದಿಯಲ್ಲೇ ಒಬ್ಬ ನಿವೃತ್ತ ಟೀಚರಮ್ಮ ಇದ್ದಾರೆ. ಕಾಡಂಚಿನ ಒಂದು ಹಳ್ಳಿಯ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದವರು. ಬ್ಯಾಂಕಿನ ಕೌಂಟರಿನಲ್ಲಿ ಬಲ್ಲವನು ನಾನು. ಹಣ ತೆಗೆಯುವ ಚೀಟಿಯಲ್ಲಿ ಪಕ್ಕದವರು ಬರೆದ ಅಕ್ಷರ ತಪ್ಪಿದ್ದರೆ ಅದನ್ನೂ ತಿದ್ದಿ ಕೊಡುತ್ತಿದ್ದರು. ಅವರನ್ನು, "ಟೀಚರೇ, ನಿಮ್ಮ ನಿವೃತ್ತಿ ಹೇಗಾಯಿತು?" ಎಂದು ಕೇಳಿದೆ. ಅವರು ನಕ್ಕು, "ಯಾವ ನಿವೃತ್ತಿ? ನನಗೆ ಮೂರು ಸಾರಿ ಆಯಿತು" ಅಂದರು.

ಆ ಮೂರು ಸಾರಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ದಾಖಲೆಯಲ್ಲಿ ಅವರ ಹುಟ್ಟಿದ ದಿನ 1962ರ ಜೂನ್ 1. ನಿಜವಾಗಿ ಹುಟ್ಟಿದ್ದು ಯಾವಾಗಲೋ ಅವರಿಗೇ ತಿಳಿಯದು. ಶಾಲೆ ಸೇರಿಸುವಾಗ ತಾಯಿತಂದೆಗೆ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರು ಶಾಲೆ ತೆರೆಯುವ ತಿಂಗಳ ಒಂದನೇ ತಾರೀಖನ್ನೇ ಬರೆದುಬಿಡುತ್ತಿದ್ದರು. ನಮ್ಮ ಕಾಲದವರಲ್ಲಿ ಜೂನ್ ತಿಂಗಳಲ್ಲಿ ಹುಟ್ಟಿದವರು ಇಷ್ಟೊಂದು ಯಾಕೆ ಎಂದು ಬ್ಯಾಂಕಿನ ಅರ್ಜಿಗಳನ್ನು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಸರ್ಕಾರಿ ನೌಕರಿಯ ನಿಯಮದಲ್ಲಿ ನಿವೃತ್ತಿ ತಿಂಗಳ ಕೊನೆಯ ದಿನ. ಆದರೆ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಹಾಗಾಗಿ ಜೂನ್ 1 ಎಂದು ಬರೆಸಿಕೊಂಡವರೆಲ್ಲ ಮೇ 31ಕ್ಕೆ ಮನೆಗೆ.

ತಮಿಳುನಾಡಿನಲ್ಲಿ ನಿವೃತ್ತಿ ವಯಸ್ಸು 58 ಇತ್ತು. ಟೀಚರಮ್ಮ 2020ರ ಮೇ 31ಕ್ಕೆ ಹೊರಡಬೇಕು. ಕೊರೊನಾ ಬಂದು ಮಾರ್ಚಿನಲ್ಲೇ ಶಾಲೆ ಮುಚ್ಚಿತ್ತು. ಮೇ 7ರಂದು ಸರ್ಕಾರ ವಯಸ್ಸನ್ನು 59 ಮಾಡಿತು. ಒಂದು ವರ್ಷ ಉಳಿದರು. 2021ರ ಫೆಬ್ರವರಿಯಲ್ಲಿ ಅದನ್ನು 60 ಮಾಡಿದರು. ಇನ್ನೊಂದು ವರ್ಷ ಉಳಿದರು. ಕೊನೆಗೆ 2022ರ ಮೇ 31ಕ್ಕೆ ಹೊರಟರು. ಅವರು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಕೂತಿತು. "ಮೇ ತಿಂಗಳಲ್ಲಿ ಶಾಲೆಯಲ್ಲಿ ಮಕ್ಕಳಿರುತ್ತಾರೇನು? ರಜ. ಕೊನೇ ದಿನ ನಾನು ಖಾಲಿ ಬೆಂಚುಗಳಿಗೆ ಬೀಗ ಹಾಕಿ ಬಂದೆ."

ನಾನು ಬರೆದ ಬೀಳ್ಕೊಡುಗೆ ಅಲ್ಲಿಗೆ ಸುಳ್ಳಾಯಿತು. ಹಾರವಿಲ್ಲ, ಮಕ್ಕಳಿಲ್ಲ. ಹಾಗಾದರೆ ಮೇ ತಿಂಗಳ ಖಾಲಿ ಶಾಲೆಗೆ ಯಾರು ಬರುತ್ತಾರೆ ಎಂದು ಕೇಳಿದೆ. "ಟೀಸಿ ಕೇಳುವವರು ಬರುತ್ತಾರೆ" ಅಂದರು. ಅದೇ ನನಗೆ ಬೇಕಾಗಿದ್ದ ಎದುರಾಳಿ.

ಟೀಸಿ ಕೇಳಲು ಬಂದವನು ಅವರದೇ ಹಳೆಯ ವಿದ್ಯಾರ್ಥಿ ಎಂದು ಮಾಡಿಕೊಂಡೆ. ಮೂರನೇ ತರಗತಿ ಮುಗಿಸಿದ ಮಗಳನ್ನು ಪಟ್ಟಣದ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದಿದ್ದಾನೆ. ಈಗ ಇಬ್ಬರಿಗೂ ಏನೋ ಬೇಕು. ಅವನಿಗೆ ರುಜು ಬೇಕು. ಅವರಿಗೆ ಮಗು ಶಾಲೆಯಲ್ಲಿ ಉಳಿಯಬೇಕು. ಪೆನ್ನು ಅವರ ಕೈಯಲ್ಲಿದೆ. ರುಜು ಹಾಕುವ ತನಕ ಎರಡು ನಿಮಿಷ ಅವರದು. ನಮ್ಮ ಗಡಿಯಲ್ಲಿ ಕನ್ನಡ ಶಾಲೆಯ ಒಂದು ಮಗು ಎಂದರೆ ಎಷ್ಟು ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಅದನ್ನು ಟೀಚರ ಬಾಯಲ್ಲೂ ಹೇಳಿಸಬಾರದು ಎಂದು ತೀರ್ಮಾನ ಮಾಡಿದೆ. ಲೆಕ್ಕ ಮಾತ್ರ ಹೇಳಲಿ, ಐದು ಮಕ್ಕಳು, ಇವಳು ಹೋದರೆ ನಾಲ್ಕು. ಉಳಿದದ್ದು ಕೇಳುವವರಿಗೆ ತಾನೇ ತಿಳಿಯುತ್ತದೆ.

ಮೊದಲು ಟೀಚರು ಟೀಸಿಯನ್ನು ಕೈಯಲ್ಲಿ ಬರೆಯುತ್ತಾ ಮಾತಾಡುವಂತೆ ಬರೆದಿದ್ದೆ. ನಿಧಾನವಾಗಿ ಬರೆಯುವುದೇ ಒಂದು ನೆಪ ಆಗುತ್ತದಲ್ಲ ಎಂದು. ಟೀಚರಮ್ಮ ಕೇಳಿ, "ಈಗ ಟೀಸಿ ಕೈಯಲ್ಲಿ ಬರೆಯುವುದಿಲ್ಲಪ್ಪ. ಎಲ್ಲ ಇಎಂಐಎಸ್ ಅಂತ ಕಂಪ್ಯೂಟರಿನಲ್ಲಿ. ಅಚ್ಚಾಗಿ ಬರುತ್ತೆ, ನಾವು ರುಜು ಹಾಕುವುದಷ್ಟೆ" ಅಂದರು. ಒಂದು ದಿನ ಬೇಜಾರಾಯಿತು. ಆಮೇಲೆ ನೋಡಿದರೆ ಅದರಿಂದ ಒಳ್ಳೆಯದೇ ಆಗಿತ್ತು. ಕೆಲಸವೆಲ್ಲ ಮುಗಿದು ಹೋಗಿದೆ, ಉಳಿದಿರುವುದು ಒಂದು ರುಜು. ತಡ ಮಾಡುವುದಕ್ಕೆ ನೆಪವೇ ಇಲ್ಲ. ನೆಪ ಹುಡುಕಬೇಕು. ಹುಡುಕುವುದು ಬರೆಯುವುದಕ್ಕಿಂತ ಒಳ್ಳೆಯ ಅಭಿನಯ.

ಕೊನೆಗೆ ಆದ ಮಾತು ಇದು. ಆವರಣದಲ್ಲಿರುವುದು ನಟಿಗೆ ಸೂಚನೆ, ಬಾಯಲ್ಲಿ ಹೇಳುವುದಲ್ಲ.

(ಮೇ ತಿಂಗಳ ಮಧ್ಯಾಹ್ನ. ಮೇಜಿನ ಮೇಲೆ ಒಂದು ಹಳೆಯ ರಿಜಿಸ್ಟರು, ಒಂದು ಹಾಳೆ. ಟೀಚರ ಕೈಯಲ್ಲಿ ಪೆನ್ನು.)

"ರುಜು ಹಾಕ್ತೀನಪ್ಪ. ಹಾಕಲ್ಲ ಅಂದ್ನಾ? ಕೂತ್ಕೊ. ಅಲ್ಲಿ ಬೇಡ, ಆ ಬೆಂಚಿನ ಕಾಲು ಮುರಿದೈತೆ. ನೀನೇ ಮುರಿದಿದ್ದು, ನಾಲ್ಕನೇ ಕ್ಲಾಸಲ್ಲಿ.

ವ್ಯಾನು ಮನೆ ಹತ್ರಾನೇ ಬರುತ್ತಾ? ಎಷ್ಟು ಗಂಟೆಗೆ? ... ಏಳಕ್ಕಾ! ಎಂಟು ವರ್ಷದ ಮಗು ಏಳು ಗಂಟೆಗೆ ಏನು ತಿಂದು ಹೊರಡುತ್ತೆ? ... ಇಲ್ಲಪ್ಪ, ನಾನು ಬೇಡ ಅನ್ನಲಿಲ್ಲ. ಕೇಳಿದೆ, ಅಷ್ಟೆ.

ಇರು, ಹೆಸರು ಸರಿಯಾಗೈತಾ ನೋಡ್ಬೇಕು. (ರಿಜಿಸ್ಟರು ತೆರೆಯುತ್ತಾರೆ.) ಇದು ಹಳೇದು. ತೊಂಬತ್ತೆರಡು. ಅಯ್ಯೋ, ನೀನೇ ಇದೀಯಲ್ಲೋ ಇಲ್ಲಿ! (ಓದುತ್ತಾರೆ.) 'ತಂದೆಯ ಉದ್ಯೋಗ, ವ್ಯವಸಾಯ. ಜನ್ಮ ದಿನಾಂಕ, ಒಂದು, ಆರು, ಎಂಬತ್ತೇಳು.' ನನ್ನ ಅಕ್ಷರ. ನಿಮ್ಮವ್ವ ಏನಂದ್ಲು ಗೊತ್ತಾ? ರಾಗಿ ಕೊಯ್ಲಾದ ವಾರ ಹುಟ್ಟಿದ ಅಂತ. ಯಾವ ವರ್ಷದ ರಾಗೀನಮ್ಮ ಅಂದ್ರೆ, ಆನೆ ಬಂದಿದ್ವಲ್ಲ ಆ ವರ್ಷ ಅಂದ್ಲು. ಆನೆ ಯಾವ ವರ್ಷ ಬರಲಿಲ್ಲ ಹೇಳು! ಜೂನ್ ಒಂದು ಅಂತ ಬರೆದೆ. ನಮ್ಮ ಮೇಷ್ಟ್ರು ನನಗೆ ಬರೆದಿದ್ದೂ ಅದೇ. ನೋಡ್ತಿರು, ನೀನೂ ಮೇ ಮೂವತ್ತೊಂದಕ್ಕೇ ಮನೆಗೆ ಹೋಗ್ತೀಯ, ನನ್ನ ಹಾಗೆ.

(ನಗು ನಿಲ್ಲುತ್ತದೆ.) ಒಂದು ವರ್ಷ ಬಿಡಪ್ಪ. ಒಂದೇ ವರ್ಷ. ಐದು ಮಕ್ಕಳವ್ರೆ. ಇವಳು ಹೋದ್ರೆ ನಾಲ್ಕು. ಹೊಸ ಟೀಚರು ಬರ್ತಾರೆ. ಬರ್ತಾರಂತೆ. ಬರದಿದ್ರೆ ನಾನೇ ಬರ್ತೀನಿ. ಸಂಬಳ ಯಾರು ಕೇಳಿದ್ರು? ಬಸ್ಸಿದೆ, ಕಾಲಿದೆ, ಬರ್ತೀನಿ.

(ಅವನು ಏನೋ ಹೇಳುತ್ತಾನೆ. ಕೇಳುತ್ತಾರೆ.)

ಏನಂದೆ? ... 'ನೀವಿದ್ದಿದ್ರೆ ಬಿಡ್ತಿದ್ದೆ.'

(ಮೌನ. ರುಜು ಹಾಕಿ, ಶಾಯಿ ಆರಲೆಂದು ಊದಿ, ಹಾಳೆ ಕೊಡುತ್ತಾರೆ.)

ತಗೊ. ಮಡಚಬೇಡ. ಬೆಳಿಗ್ಗೆ ಗಂಜಿ ಕುಡಿಸಿ ಕಳಿಸು, ಅನ್ನ ಬೇಡ, ವ್ಯಾನಲ್ಲಿ ವಾಂತಿ ಮಾಡ್ಕೊಳ್ತಾಳೆ. (ರಿಜಿಸ್ಟರು ಮುಚ್ಚುತ್ತಾರೆ.) ಹೋಗ್ತಾ ಗೇಟು ಹಾಕ್ಕೊಂಡು ಹೋಗು. ದನ ಬರ್ತವೆ."

ಇಷ್ಟೇ ಬಂಧುಗಳೇ. ಇದರಲ್ಲಿ 'ನಿವೃತ್ತಿ' ಎಂಬ ಪದ ಒಂದು ಸಲವೂ ಬಂದಿಲ್ಲ ಎಂಬುದನ್ನು ತಾವು ಗಮನಿಸಿರಬಹುದು. ನಾನು ಬೇಕೆಂದೇ ತೆಗೆದೆ. ಆ ಪದ ಬಂದ ಕಡೆಯಲ್ಲೆಲ್ಲ ನಟಿಯ ದನಿ ತಾನಾಗಿ ಅಳುವ ಕಡೆಗೆ ಹೋಗುತ್ತಿತ್ತು.

ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಟೀಚರಾದವರಿಗೆ ಎರಡು ಕನ್ನಡ ಇರುತ್ತದೆ. ಮನೆಯಲ್ಲಿ, ಸಂತೆಯಲ್ಲಿ ಆಡುವುದು ಒಂದು, ಪುಸ್ತಕ ಹಿಡಿದಾಗ ಬರುವುದು ಇನ್ನೊಂದು. ತೆಲುಗು, ತಮಿಳು ಎರಡರ ನಡುವೆ ಬದುಕುವುದರಿಂದ ಆ ಎರಡನೆಯದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿರುತ್ತಾರೆ. ಅದಕ್ಕಾಗಿಯೇ ನಡುವೆ ರಿಜಿಸ್ಟರು ಓದುವ ಸಾಲು ಇಟ್ಟೆ. 'ಐತೆ', 'ಅವ್ರೆ' ಎಂದು ಮಾತಾಡುತ್ತಿದ್ದ ಹೆಂಗಸು 'ಜನ್ಮ ದಿನಾಂಕ' ಎಂದು ಓದುವಾಗ ಬೆನ್ನು ನೆಟ್ಟಗಾಗಬೇಕು, ದನಿ ತಿರುಗಬೇಕು. ಪಾತ್ರ ಟೀಚರು ಎಂದು ನೋಡುವವರಿಗೆ ತಿಳಿಯುವುದು ಆ ಒಂದು ಸಾಲಿನಲ್ಲಿ. ಸೀರೆ, ಕನ್ನಡಕ, ಬೆತ್ತ ಯಾವುದೂ ಬೇಕಾಗುವುದಿಲ್ಲ.

ಇನ್ನು ಅಭ್ಯಾಸದ ವಿಷಯ. ತಪ್ಪುಗಳು ಒಂದರ ಹಿಂದೆ ಒಂದು ಬಂದವು.

ಮೊದಲನೆಯದು ವಯಸ್ಸು. ನಲವತ್ತಾರರವಳು ಅರವತ್ತರವಳನ್ನು ಮಾಡಬೇಕು ಎಂದು ಅವಳು ಬೆನ್ನು ಬಗ್ಗಿಸಿದಳು, ಕೈ ನಡುಗಿಸಿದಳು. ನೋಡಿದರೆ ಎಂಬತ್ತರ ಅಜ್ಜಿ. ಅರವತ್ತು ವಯಸ್ಸಿನ ಟೀಚರ ಕೈ ನಡುಗುವುದಿಲ್ಲ. ಮೂವತ್ತೈದು ವರ್ಷ ಬೋರ್ಡಿನ ಮುಂದೆ ನಿಂತ ದೇಹ ಅದು. ಟೀಚರಮ್ಮನ ಮನೆಗೆ ಅವಳನ್ನು ಕರೆದುಕೊಂಡು ಹೋಗಿ ಒಂದು ಗಂಟೆ ಸುಮ್ಮನೆ ಕೂರಿಸಿದೆ. ಬಂದ ಮೇಲೆ ಅವಳು ಹೇಳಿದ್ದು ಎರಡೇ. ಅವರು ಕೂರುವ ಮುಂಚೆ ಕುರ್ಚಿಯನ್ನು ಕೈಯಿಂದ ಒಂದು ಸಲ ಒರೆಸುತ್ತಾರೆ. ಮಾತು ಮುಗಿದ ಮೇಲೆ ಉತ್ತರ ಬರುವ ತನಕ ಕಣ್ಣು ತೆಗೆಯುವುದಿಲ್ಲ. ಅವೆರಡನ್ನೇ ಇಟ್ಟುಕೊಂಡಳು, ಉಳಿದದ್ದನ್ನೆಲ್ಲ ಬಿಟ್ಟಳು.

ಎರಡನೆಯದು ಕೇಳುವುದು. ಎದುರಿಗೆ ಯಾರೂ ಇಲ್ಲವಲ್ಲ, ಅವಳು ಪ್ರಶ್ನೆ ಕೇಳಿ ಉಸಿರು ಬಿಡದೆ ಮುಂದಿನ ಸಾಲಿಗೆ ಹೋಗುತ್ತಿದ್ದಳು. 'ಎಷ್ಟು ಗಂಟೆಗೆ?' ಎಂದ ಮೇಲೆ ಅವನು 'ಏಳಕ್ಕೆ' ಎಂದು ಹೇಳಬೇಕು, ಅವಳು ಅದನ್ನು ಕೇಳಬೇಕು. ಇದಕ್ಕೆ ನಾವು ಮಾಡಿದ ಉಪಾಯ ಹೀಗೆ. ನಾನು ಎದುರು ಕೂತು ಅವನ ಉತ್ತರಗಳನ್ನು ಗಟ್ಟಿಯಾಗಿ ಹೇಳಿದೆ, ಪ್ರತಿದಿನ, ಒಂದು ವಾರ. ಆಮೇಲೆ ಪಿಸುಮಾತಿನಲ್ಲಿ ಹೇಳಿದೆ. ಆಮೇಲೆ ಬರೀ ತುಟಿ ಅಲ್ಲಾಡಿಸಿದೆ. ಕೊನೆಗೆ ಎದ್ದು ಹೋದೆ. ಖಾಲಿ ಕುರ್ಚಿ ಉಳಿಯಿತು, ಆದರೂ ಅವಳು ಕೇಳುತ್ತಿದ್ದಳು. ಮುಖ್ಯವಾದ ಸಾಲು ಟೀಚರದಲ್ಲ, ಅವನದು, 'ನೀವಿದ್ದಿದ್ರೆ ಬಿಡ್ತಿದ್ದೆ' ಎಂಬುದು. ಆ ಮಾತು ಅವರನ್ನು ಮೆಚ್ಚುತ್ತದೆ, ಅದೇ ಉಸಿರಿನಲ್ಲಿ ಸೋಲಿಸುತ್ತದೆ. ಟೀಚರು ಅದನ್ನು ತಮ್ಮ ಬಾಯಿಂದ ಒಂದು ಸಲ ಹೇಳಿಕೊಂಡು ಅರ್ಥ ಮಾಡಿಕೊಳ್ಳಬೇಕು. ಅಲ್ಲಿ ಎಂಟು ಸೆಕೆಂಡು ಮೌನ ಇಟ್ಟೆವು. ನಾಲ್ಕಕ್ಕೆ ಅವಸರ ಎನಿಸಿತು, ಹನ್ನೆರಡಕ್ಕೆ ಪ್ರದರ್ಶನ ಎನಿಸಿತು.

ಮೂರನೆಯದು ಕಣ್ಣೀರು. 'ಒಂದು ವರ್ಷ ಬಿಡಪ್ಪ' ಎಂಬಲ್ಲಿ ಅವಳು ಅತ್ತಳು. ನಿಜವಾದ ಕಣ್ಣೀರೇ. ಆದರೆ ಆ ಗಳಿಗೆಯಲ್ಲಿ ಟೀಚರಿಗೆ ಅಳುವುದಕ್ಕೆ ಸಮಯವಿಲ್ಲ, ಮಗುವನ್ನು ಉಳಿಸಿಕೊಳ್ಳಬೇಕಾಗಿದೆ. ಬೇಡುವವರು ಅತ್ತರೆ ಕೊಡುವವನಿಗೆ ಇರುಸುಮುರುಸಾಗುತ್ತದೆ ಎಂದು ಮೂವತ್ತೈದು ವರ್ಷ ಹಳ್ಳಿಯವರ ಜೊತೆ ವ್ಯವಹರಿಸಿದ ಅವರಿಗೆ ಗೊತ್ತು. ಆದ್ದರಿಂದ ನಗುವಿನ ಕೊನೆಯಲ್ಲೇ ಆ ಮಾತನ್ನು ಹೇಳು ಅಂದೆ. ಸಾಲ ಕೇಳಲು ಬಂದ ರೈತರು ಬ್ಯಾಂಕಿನಲ್ಲಿ ಹಾಗೆಯೇ ಕೇಳುತ್ತಿದ್ದರು, ಅರ್ಧ ನಗುತ್ತಾ.

ವಿಡಿಯೋ ತೆಗೆದದ್ದು ನಮ್ಮ ಮನೆಯ ನಡುಮನೆಯಲ್ಲಿ, ಮೊಬೈಲಿನಲ್ಲಿ. ಕಿಟಕಿ ಅವಳ ಮುಖದ ಕಡೆಗೆ ಇರಬೇಕು. ಮೊದಲ ಸಲ ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದೆವು, ಮುಖವೆಲ್ಲ ಕಪ್ಪು. ಹಿಂದೆ ಬರಿಯ ಗೋಡೆ, ಕ್ಯಾಲೆಂಡರು ತೆಗೆದೆವು. ಮೊಬೈಲನ್ನು ಅಡ್ಡವಾಗಿ, ಅವಳ ಕಣ್ಣಿನ ಎತ್ತರಕ್ಕೆ, ಎರಡು ಟ್ರಂಕುಗಳ ಮೇಲೆ ನಿಲ್ಲಿಸಿದೆವು. ಎದೆಯಿಂದ ಮೇಲೆ ಕಾಣುವಷ್ಟು ಹತ್ತಿರ. ಎದುರಾಳಿಯ ಕುರ್ಚಿಯನ್ನು ಮೊಬೈಲಿನ ಪಕ್ಕಕ್ಕೆ ಅಂಟಿಸಿದಂತೆ ಇಟ್ಟೆವು, ಆಗ ನೋಟ ಕ್ಯಾಮರಾದ ಹತ್ತಿರವೇ ಇರುತ್ತದೆ, ಎರಡು ಕಣ್ಣೂ ಕಾಣುತ್ತವೆ. ಕ್ಯಾಮರಾವನ್ನೇ ನೇರವಾಗಿ ನೋಡಿದರೆ ವಾರ್ತೆ ಓದಿದಂತೆ ಆಗುತ್ತದೆ. ಅದನ್ನು ನೋಡಬೇಕಾದ್ದು ಶುರುವಿನಲ್ಲಿ ಮಾತ್ರ, ಹೆಸರು, ವಯಸ್ಸು, ಎತ್ತರ, ಊರು, ಬಲ್ಲ ಭಾಷೆಗಳನ್ನು ಹೇಳುವಾಗ. ಫ್ಯಾನು ನಿಲ್ಲಿಸಬೇಕು, ಇಲ್ಲದಿದ್ದರೆ ಎಂಟು ಸೆಕೆಂಡಿನ ಮೌನದಲ್ಲಿ ಅದೊಂದೇ ಕೇಳುತ್ತದೆ. ಆರು ಸಲ ತೆಗೆದು ನಾಲ್ಕನೆಯದನ್ನು ಕಳಿಸಿದೆವು. ಎರಡು ನಿಮಿಷ ಹತ್ತು ಸೆಕೆಂಡು.

ಹತ್ತು ದಿನಕ್ಕೆ ಕರೆ ಬಂತು. ಬೆಂಗಳೂರಿಗೆ ಹೋದಳು, ನಾನೂ ಜೊತೆಗೆ ಹೋಗಿ ಹೊರಗೆ ಕೂತೆ. ಒಳಗೆ ಮೂವರಿದ್ದರಂತೆ. ಇದನ್ನೇ ಮಾಡಿಸಿದರು. ಆಮೇಲೆ ಒಬ್ಬರು, "ಚೆನ್ನಾಗಿದೆಯಮ್ಮ. ಈಗ ಇದನ್ನೇ ಕೋಪದಲ್ಲಿ ಮಾಡಿ. ಟೀಚರಿಗೆ ಆ ಹುಡುಗನ ಮೇಲೆ ಮೊದಲಿಂದಲೂ ಸಿಟ್ಟಿದೆ ಅಂದುಕೊಳ್ಳಿ" ಅಂದರಂತೆ. ಅಲ್ಲಿ ನಮ್ಮ ತಯಾರಿ ಸೋತಿತು. ಪ್ರತಿ ಸಾಲಿನ ಏರಿಳಿತವನ್ನೂ ಹಾರ್ಮೋನಿಯಂ ಮೇಷ್ಟ್ರ ಹಾಗೆ ನಾನು ಅವಳ ಕಿವಿಯಲ್ಲಿ ಕೂರಿಸಿಬಿಟ್ಟಿದ್ದೆ. ಮಾತು ಬದಲಾಗಲಿಲ್ಲ, ರಾಗವೂ ಬದಲಾಗಲಿಲ್ಲ. ಕೋಪ ಬರಲಿಲ್ಲ, ದನಿ ಮಾತ್ರ ದೊಡ್ಡದಾಯಿತು ಎಂದು ಅವಳೇ ಹೇಳಿದಳು. ಹಾಗೆ ಬೇರೆ ರೀತಿ ಮಾಡಿ ಎಂದು ಕೇಳುವುದು ಸೇಡಿಗಲ್ಲ. ಚಿತ್ರೀಕರಣದಲ್ಲಿ ನಿರ್ದೇಶಕರು ಹೇಳಿದಂತೆ ಬದಲಾಗಬಲ್ಲರೇ ಎಂದು ನೋಡುವುದು ಅದರ ಉದ್ದೇಶ. ಮಾತನ್ನು ಕಲಿಯಬೇಕು, ರಾಗವನ್ನು ಕಲಿಯಬಾರದು. ಮನೆಯಲ್ಲೇ ಅದನ್ನು ಸಿಟ್ಟಿನಲ್ಲಿ, ಅವಸರದಲ್ಲಿ, ತಮಾಷೆಯಲ್ಲಿ, ಪಾತ್ರೆ ತೊಳೆಯುತ್ತಾ ಹೇಳಿಸಿದ್ದರೆ ಈ ಗತಿ ಬರುತ್ತಿರಲಿಲ್ಲ. ತಪ್ಪು ನನ್ನದು.

ಆ ಪಾತ್ರ ಇನ್ನೊಬ್ಬರಿಗೆ ಹೋಯಿತು. ನನ್ನ ಸೊಸೆ ನಾಲ್ಕು ದಿನ ಮಾತಾಡಲಿಲ್ಲ, ಐದನೇ ದಿನ ಬಂದು, "ಮಾಮ, ಎದುರು ಕೂತ್ಕೊಳ್ಳಿ, ಇವತ್ತು ಸಿಟ್ಟಲ್ಲಿ ಮಾಡ್ತೀನಿ" ಅಂದಳು. ಮಾಡಿದಳು. ಸಿಟ್ಟಿನಲ್ಲಿ ಮಾಡಿದಾಗ ಗಂಜಿಯ ಮಾತು ಬೇರೆಯೇ ಆಯಿತು. ಅಷ್ಟು ಸಿಟ್ಟಿನಲ್ಲೂ ಮಗುವಿನ ಹೊಟ್ಟೆ ನೆನಪಾಗುತ್ತದಲ್ಲ ಎನಿಸಿತು. ನನಗೆ ಬರೆಯುವಾಗ ಅದು ಗೊತ್ತಿರಲಿಲ್ಲ.

ಆ ವಿಡಿಯೋವನ್ನು ಟೀಚರಮ್ಮನಿಗೆ ತೋರಿಸಬೇಕಲ್ಲ. ಒಂದು ಸಂಜೆ ಮೊಬೈಲು ಹಿಡಿದು ಹೋದೆ. ಕನ್ನಡಕ ಹಾಕಿಕೊಂಡು ನೋಡಿದರು. ಮುಗಿದ ಮೇಲೆ ಇನ್ನೊಂದು ಸಲ ಹಾಕಿ ಅಂದರು. ಹಾಕಿದೆ. ಏನು ತಪ್ಪು ತೆಗೆಯುತ್ತಾರೋ ಎಂದು ಕಾದೆ, ಚೀಟಿ ತಿದ್ದುತ್ತಿದ್ದವರಲ್ಲವೇ. ಅವರು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದರು:

"ಆ ಮಗು ಆಮೇಲೆ ಹೇಗೆ ಓದ್ತಾ ಇದೆ?"